ಎರಡೂ ಕಿವಿಗೆ ಬೇರೆ ಬೇರೆ ಮಾತು ಬಿದ್ದರೆ ಮೆದುಳು ಎಷ್ಟು ಕೇಳಿಸಿಕೊಳ್ಳುತ್ತದೆ?

ಪ್ರಶ್ನೆ: ಹೆಡ್‌ಫೋನಿನ ಒಂದು ಕಿವಿಯಲ್ಲಿ ಮೀಟಿಂಗ್, ಇನ್ನೊಂದರಲ್ಲಿ ಪಾಠದ ರೆಕಾರ್ಡಿಂಗ್ ಹಾಕಿಕೊಳ್ಳುತ್ತೇನೆ. ಪಾಠ ಕೇಳುತ್ತಿದ್ದರೂ ಮೀಟಿಂಗಲ್ಲಿ ನನ್ನ ಹೆಸರು ಬಂದರೆ ಗೊತ್ತಾಗುತ್ತದೆ. ಅಂದ್ರೆ ಮೆದುಳು ಎರಡನ್ನೂ ಕೇಳುತ್ತಿದೆ ಅಲ್ವಾ? ಅಭ್ಯಾಸ ಮಾಡಿದರೆ ಎರಡೂ ಪೂರ್ತಿ ತಲೆಗೆ ಹೋಗುತ್ತವಾ?

ಬಿ.ಎ. ವಿದ್ಯಾರ್ಥಿ: ಇಲ್ಲ, ಗಮನ ಕೊಡದ ಕಿವಿ ಪೂರ್ತಿ ಬಂದ್ ಆಗುತ್ತದೆ. ಮನಶ್ಶಾಸ್ತ್ರಜ್ಞ ಬ್ರಾಡ್‌ಬೆಂಟ್ 1958ರಲ್ಲೇ ಹೇಳಿದ್ದಾರೆ. ದನಿ ಗಂಡೋ ಹೆಣ್ಣೋ ಅನ್ನುವಷ್ಟು ಮಾತ್ರ ಗೊತ್ತಾಗುತ್ತದೆ, ಅರ್ಥ ಒಳಗೆ ಬರುವುದಿಲ್ಲ.

ಮನಶ್ಶಾಸ್ತ್ರ ಪ್ರಾಧ್ಯಾಪಕಿ: ನೀವು ಹೇಳಿದ್ದು ಅರ್ಧ ಸರಿ. 1953ರಲ್ಲಿ ಕಾಲಿನ್ ಚೆರ್ರಿ ಮಾಡಿದ ಪ್ರಯೋಗದಲ್ಲಿ ಹಾಗೇ ಕಂಡಿತ್ತು. ಒಂದು ಕಿವಿಗೆ ಬಂದ ಮಾತನ್ನು ಕೇಳಿದ ಹಾಗೇ ಜೋರಾಗಿ ಹೇಳುತ್ತಾ ಹೋಗಬೇಕು. ಹಾಗೆ ಮಾಡಿದವರಿಗೆ ಇನ್ನೊಂದು ಕಿವಿಯಲ್ಲಿ ಗಂಡು ದನಿ ಹೆಣ್ಣು ದನಿಯಾದರೆ ಗೊತ್ತಾಯಿತು. ಇಂಗ್ಲಿಷ್ ಜರ್ಮನ್ ಆದದ್ದು ಗೊತ್ತಾಗಲಿಲ್ಲ. ಆದರೆ ಪೂರ್ತಿ ಬಂದ್ ಆಗಿದ್ದರೆ ಹೆಸರು ಹೇಗೆ ಕೇಳಿಸಬೇಕು?

ಈಗ ಕೇಳಿದವರಿಗೆ. ನಿಮ್ಮ ಪ್ರಶ್ನೆಗೆ ಹತ್ತಿರದ ಪ್ರಯೋಗ ಟ್ರೀಸ್‌ಮನ್ ಮತ್ತು ಗೆಫೆನ್ 1967ರಲ್ಲಿ ಮಾಡಿದ್ದು. ಒಂದು ಕಿವಿಯ ಮಾತನ್ನು ಜೋರಾಗಿ ಹೇಳುತ್ತಾ ಹೋಗಬೇಕು. ಜೊತೆಗೆ, ಮೊದಲೇ ಹೇಳಿಟ್ಟ ಪದ ಯಾವ ಕಿವಿಯಲ್ಲಿ ಬಂದರೂ ಮೇಜು ತಟ್ಟಬೇಕು. ಅಂದರೆ ಗಮನವನ್ನು ಎರಡೂ ಕಡೆ ಹಂಚಿ ಅಂತಲೇ ಅವರನ್ನು ಕೇಳಿದ್ದರು. ಹೇಳುತ್ತಿದ್ದ ಕಿವಿಯಲ್ಲಿ ಸುಮಾರು ಶೇ. 87 ಪದಗಳು ಸಿಕ್ಕವು. ಇನ್ನೊಂದರಲ್ಲಿ ಶೇ. 8 ಮಾತ್ರ. ಹಂಚುವ ಮನಸ್ಸಿದ್ದರೂ ಗಮನ ಹಂಚಿಹೋಗಲಿಲ್ಲ. ಹಾಗಂತ 8 ಅಂದರೆ ಸೊನ್ನೆಯೂ ಅಲ್ಲ. ಟ್ರೀಸ್‌ಮನ್ ಮೊದಲೇ ಹೇಳಿದ್ದೂ ಇದನ್ನೇ: ಆ ದನಿಯನ್ನು ಮೆದುಳು ನಿಲ್ಲಿಸುವುದಿಲ್ಲ, ತಗ್ಗಿಸುತ್ತದೆ. ತಗ್ಗಿದ ದನಿಯಲ್ಲೂ ನಮಗೆ ತುಂಬಾ ಬೇಕಾದ ಪದ ಎದ್ದು ಕೇಳುತ್ತದೆ. ಸ್ವಂತ ಹೆಸರು ಅಂಥದ್ದು.

ಆದರೆ ಹೆಸರೂ ಎಲ್ಲರಿಗೂ ಕೇಳಿಸುವುದಿಲ್ಲ! ನೆವಿಲ್ ಮೋರೆ ಎಂಬ ಸಂಶೋಧಕರು 1959ರಲ್ಲಿ ಪರೀಕ್ಷಿಸಿದಾಗ ಮೂವರಲ್ಲಿ ಒಬ್ಬರಿಗೆ ಕೇಳಿಸಿತು. 1995ರಲ್ಲಿ ವುಡ್ ಮತ್ತು ಕೋವನ್ ಮತ್ತೆ ಮಾಡಿದಾಗಲೂ ಹೆಚ್ಚುಕಡಿಮೆ ಅಷ್ಟೇ. ನಿಮಗೆ ಕೇಳಿಸಿದ ಸಲಗಳು ನೆನಪಿರುತ್ತವೆ. ಕೇಳಿಸದೇ ಹೋದವುಗಳ ಲೆಕ್ಕ ನಿಮ್ಮ ಹತ್ತಿರ ಇರುವುದಿಲ್ಲ.

ಒಬ್ಬ ತಾಯಿ: ನನ್ನ ಮಗನಿಗೂ ಎರಡು ಕಿವಿಗೆ ಬೇರೆ ಬೇರೆ ಅಂಕಿ ಹೇಳಿ ಪರೀಕ್ಷೆ ಮಾಡಿದರು. ಬಲಗಿವಿಯ ಅಂಕಿ ಜಾಸ್ತಿ ಹೇಳಿದ. ಎಡಗಿವಿ ಕೇಳಿಸುತ್ತಿಲ್ಲವಾ ಮೇಡಂ?

ಪ್ರಾಧ್ಯಾಪಕಿ: ಅಮ್ಮಾ, ಇದರಿಂದ ಮಾತ್ರ ಹಾಗೆ ಹೇಳೋಕಾಗಲ್ಲ. ಕಿವಿ ಕೇಳುತ್ತದೋ ಇಲ್ಲವೋ ಅನ್ನುವುದಕ್ಕೆ ಬೇರೆ ಪರೀಕ್ಷೆ ಇದೆ. ಇದರಲ್ಲಿ ಬಲಗಿವಿ ಸ್ವಲ್ಪ ಮುಂದಿರುವುದು ಸಾಮಾನ್ಯ. ಹೆಚ್ಚಿನವರಲ್ಲಿ ಮಾತಿನ ಕೆಲಸ ಎಡ ಮೆದುಳಿನದು, ಬಲಗಿವಿಯ ದಾರಿ ಅಲ್ಲಿಗೆ ನೇರ. ಮಗನಿಗೆ ಎರಡೂ ಕಿವಿಯ ಅಂಕಿ ಹೇಳು ಅಂದಿದ್ದರಾ, ಬರೀ ಎಡಗಿವಿಯದು ಹೇಳು ಅಂದಿದ್ದರಾ ಅಂತ ಕೇಳಿ. ಮೊದಲನೆಯದು ಗಮನ ಹಂಚುವ ಕೆಲಸ, ಎರಡನೆಯದು ಒಂದನ್ನೇ ಆರಿಸಿಕೊಳ್ಳುವ ಕೆಲಸ. ಬರೀ ಎಡಗಿವಿಯನ್ನು ಕೇಳಿಸಿಕೋ ಎಂದಾಗ ಅಂಕಿಗಳು ಸರಿಯಾಗಿ ಬಂದರೆ, ತೊಡಕು ಹಂಚುವುದರಲ್ಲಿರಬಹುದು. ಆಗಲೂ ಬಾರದಿದ್ದರೆ ಪರೀಕ್ಷೆ ಮಾಡಿದ ಆಡಿಯಾಲಜಿಸ್ಟ್ ಮುಂದೆ ನೋಡಬೇಕು.

ವಿದ್ಯಾರ್ಥಿ: ಮೇಡಂ, ಹೆಸರು ಕೇಳಿಸಿದವರ ಗಮನವೇ ಆ ಹೊತ್ತಿಗೆ ಆಚೆ ಕಿವಿಗೆ ಜಾರಿದ್ದರೆ? ಆಗ ಗಮನ ಕೊಡದಿದ್ದರೂ ಮಾತು ಒಳಗೆ ಸೋರಿ ಬಂತು ಅನ್ನೋಕಾಗಲ್ವಲ್ಲ.

ಪ್ರಾಧ್ಯಾಪಕಿ: ಒಳ್ಳೆ ಅನುಮಾನ. 2001ರಲ್ಲಿ ಕಾನ್ವೇ ಮತ್ತು ಜೊತೆಯವರು, ಕೆಲಸ ಮಾಡುತ್ತಾ ವಿಷಯಗಳನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ ಇರುವವರನ್ನೂ ಜಾಸ್ತಿ ಇರುವವರನ್ನೂ ಹೋಲಿಸಿದರು. ಶಕ್ತಿ ಕಡಿಮೆ ಇದ್ದವರಲ್ಲಿ ಶೇ. 65 ಮಂದಿಗೆ ಹೆಸರು ಕೇಳಿಸಿತು, ಜಾಸ್ತಿ ಇದ್ದವರಲ್ಲಿ ಶೇ. 20 ಮಂದಿಗೆ. ಅಂದರೆ ಹೆಸರು ಕೇಳಿಸುವುದು ಜಾಣ್ಮೆಯ ಗುರುತಲ್ಲ, ಬೇಡದ್ದನ್ನು ಹೊರಗಿಡಲು ಆಗದ್ದರ ಗುರುತಿರಬಹುದು. ಆದರೆ ಜಾರಿಕೆ ಎಷ್ಟು, ಸೋರಿಕೆ ಎಷ್ಟು ಅನ್ನುವ ವಾದ ಇನ್ನೂ ನಡೆಯುತ್ತಿದೆ. ನನಗೆ ಜಾರಿಕೆಯ ಪಾಲೇ ದೊಡ್ಡದು ಅನಿಸುತ್ತದೆ.

ಪ್ರಶ್ನೆ ಕೇಳಿದವರು: ಅಭ್ಯಾಸದ ಬಗ್ಗೆ ಹೇಳಲಿಲ್ಲ ಮೇಡಂ.

ಪ್ರಾಧ್ಯಾಪಕಿ: ಅಭ್ಯಾಸದಿಂದ ಲಾಭ ಇದೆ. ಈ ಪ್ರಯೋಗಗಳಲ್ಲೇ ಪಳಗಿದ್ದ ಮೋರೆ ಅವರನ್ನು ಅಂಡರ್‌ವುಡ್ 1974ರಲ್ಲಿ ಪರೀಕ್ಷಿಸಿದಾಗ, ಬೇಡದ ಕಿವಿಯ ಅಂಕಿಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಡಿದರು. ಆದರೆ ಬಿಡಿ ಅಂಕಿ ಹಿಡಿಯುವುದು ಬೇರೆ, ಪಾಠ ಅರ್ಥ ಮಾಡಿಕೊಳ್ಳುವುದು ಬೇರೆ. ಎರಡೂ ಮಾತೇ ಆದಾಗ ಇಕ್ಕಟ್ಟು ಜಾಸ್ತಿ. 1972ರಲ್ಲಿ ಆಲ್ಪೋರ್ಟ್ ಮತ್ತು ಜೊತೆಯವರು ಪಿಯಾನೋ ಬಲ್ಲವರಿಗೆ ಹೊಸ ಸ್ವರಲಿಪಿ ಕೊಟ್ಟು, ನುಡಿಸುತ್ತಲೇ ಕಿವಿಗೆ ಬಿದ್ದ ಮಾತನ್ನು ಹೇಳಿಸಿದರು. ಎರಡೂ ಹೆಚ್ಚು ಕೆಡಲಿಲ್ಲ. ನಿಮ್ಮದು ಮಾತಿನ ಮೇಲೆ ಮಾತು. ಪರೀಕ್ಷಿಸಿ ನೋಡಬೇಕಿದ್ದರೆ ಪಾಠವನ್ನು ಜೋರಾಗಿ ಹೇಳುತ್ತಾ ಹೋಗಿ, ಅದನ್ನು ರೆಕಾರ್ಡ್ ಮಾಡಿ. ಮೀಟಿಂಗಿನ ಮಾತು ನಿಮಗೆ ಸಿಕ್ಕ ಜಾಗದಲ್ಲೆಲ್ಲ ನಿಮ್ಮ ದನಿ ಹಿಂದೆ ಬಿದ್ದಿದೆಯಾ, ಪದ ಬಿಟ್ಟುಹೋಗಿದೆಯಾ ಅಂತ ಕೇಳಿ ನೋಡಿ. ಬಿಟ್ಟಿದ್ದರೆ ನೀವು ಎರಡನ್ನೂ ಒಟ್ಟಿಗೆ ಕೇಳಲಿಲ್ಲ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಿ ಬಂದಿದ್ದೀರಿ.