ಸಹಾಯ ಬೇಕು: ಸಹೋದ್ಯೋಗಿಗೆ ಶ್ರದ್ಧಾಂಜಲಿಯ ಕೊನೆಯ ಸಾಲು

ನಮಸ್ಕಾರ. ನಮ್ಮ ಅಕೌಂಟ್ಸ್ ವಿಭಾಗದ ಹಿರಿಯರೊಬ್ಬರು ಸೋಮವಾರ ರಾತ್ರಿ ಇದ್ದಕ್ಕಿದ್ದಂತೆ ತೀರಿಕೊಂಡರು. ಅವರ ಕನ್ನಡಕ ಇನ್ನೂ ಮೇಜಿನ ಮೇಲೇ ಇದೆ.

ಟೀಮಿನ ಪರವಾಗಿ ಕಂಪನಿ ಪುಟದಲ್ಲಿ ನಾಲ್ಕು ಸಾಲು ಹಾಕಬೇಕು. ಮೊದಲು ಅವರ ಮಗನನ್ನು ಕೇಳಿದೆವು. ಹೆಸರು, ಫೋಟೋ ಹಾಕಿ, ಸಾವಿನ ಕಾರಣ ಬೇಡ ಅಂದರು. ಅದನ್ನು ಬಿಟ್ಟಿದ್ದೇವೆ.

ಬರೆದದ್ದು ಇಷ್ಟು: “ನಮ್ಮ ಪ್ರೀತಿಯ ಹಿರಿಯರು ಸೋಮವಾರ ನಮ್ಮನ್ನು ಅಗಲಿದರು. ಸಂಬಳದ ಚೀಟಿ ಅರ್ಥವಾಗದೆ ಬಂದ ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಸಾಲು ವಿವರಿಸುತ್ತಿದ್ದರು. ಮನೆಯವರ ದುಃಖದಲ್ಲಿ ನಾವೂ ಇದ್ದೇವೆ.”

“ತುಂಬಲಾರದ ನಷ್ಟ” ತೆಗೆದೆವು. ಎಲ್ಲರಿಗೂ ಬರೆಯುವ ಮಾತು ಅಲ್ವಾ? ಅವರು ಮುಸ್ಲಿಮರು, “ಸದ್ಗತಿ ಸಿಗಲಿ” ಸರಿಹೋಗಲ್ಲ ಅನ್ನಿಸಿತು. ಕೊನೆಗೆ ಏನು ಬರೆದರೆ ಮನೆಯವರಿಗೆ ಹಿತವಾಗುತ್ತದೆ? ತಿಳಿದವರು ದಯವಿಟ್ಟು ಹೇಳಿ. ಸಂಜೆಯೊಳಗೆ ಮಗನಿಗೆ ತೋರಿಸಿ, ಅವರು ಒಪ್ಪಿದ ಮೇಲೆ ಹಾಕುತ್ತೇವೆ.