ಪದಚರ್ಚೆ: ಪಗಾರ ಚೀಟಿಯಲ್ಲಿ ಮೂರು ‘ಒಟ್ಟು’

ಕೊಪ್ಪಳದಿಂದ:

ಮಾನ್ಯರೇ, ಇಲ್ಲಿಗೆ ಹತ್ತಿರದ ಒಂದು ಸ್ಪಾಂಜ್ ಐರನ್ ಕಾರ್ಖಾನೆಯ ಪಗಾರ ಚೀಟಿಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದ್ದು, ನಾಳೆ ಸಂಜೆಯೊಳಗೆ ಕರಡು ಒಪ್ಪಿಸಬೇಕಾಗಿದೆ. ಗಳಿಕೆ, ಕಡಿತ, ನಿವ್ವಳ ಎಂದು ಬರೆದುಕೊಂಡು ಹೋದವಳು ತಿಂಗಳ ಅಂಕಿಗಳನ್ನು ವರ್ಷದುದ್ದಕ್ಕೂ ಕೂಡಿಸುತ್ತ ಹೋಗುವ ಬಲತುದಿಯ ವೈಟಿಡಿ ಕಾಲಂನಲ್ಲಿ ಸಿಕ್ಕಿಬಿದ್ದೆ. ಅದಕ್ಕೆ ‘ಒಟ್ಟು’ ಎಂದು ತಲೆಬರಹ ಕೊಟ್ಟು, ಅಕ್ಟೋಬರಿನಲ್ಲಿ ಕೆಲಸಕ್ಕೆ ಸೇರಿದ ಒಬ್ಬ ಫಿಟರ್ ಅವರ ಕೈಗೆ ಅವರದೇ ಜನವರಿ ಚೀಟಿಯನ್ನು ಕೊಟ್ಟೆ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 14,000, ಮನೆಬಾಡಿಗೆ 4,000, ಇತರೆ 2,000, ಒಟ್ಟು 20,000. ಪಿಎಫ್ 1,680, ಇಎಸ್‌ಐ 150. ಒಟ್ಟು ಕಡಿತ 1,830. ನಿವ್ವಳ 18,170, ಅದರ ಪಕ್ಕದಲ್ಲಿ 72,680. ಅವರು ಕೊನೆಯ ಅಂಕಿಯ ಮೇಲೆ ಬೆರಳಿಟ್ಟು, “ಒಟ್ಟು ಎಪ್ಪತ್ತೆರಡು ಸಾವಿರ ಐತಲ್ರೀ ಮೇಡಂ, ಉಳಿದದ್ದು ಯಾವಾಗ ಕೊಡ್ತಾರ?” ಎಂದು ಕೇಳಿದರು. ಒಂದೇ ಹಾಳೆಯಲ್ಲಿ ‘ಒಟ್ಟು’ ಮೂರು ಕೆಲಸ ಮಾಡುತ್ತಿದೆ. ಬೇರೆ ಪದ ಬೇಕು, ಇಂದೇ ಬೇಕು.

ಗಂಗಾವತಿಯಿಂದ:

‘ವರ್ಷಾರಂಭದಿಂದ ಈವರೆಗೆ’ ಎಂದು ಬರೆಯಿರಿ, ಮುಗಿಯಿತು. ಆದರೆ ಲೆಕ್ಕವೇ ತಪ್ಪಿರುವ ಚೀಟಿಗೆ ಪದ ಹುಡುಕುವುದೇಕೆ? ಪಿಎಫ್ ಶೇ 12 ಆದ್ದರಿಂದ ಇಪ್ಪತ್ತು ಸಾವಿರಕ್ಕೆ 2,400 ಆಗಬೇಕು. ಇನ್ನು ‘ಪಗಾರ’ ಎಂಬ ಪರದೇಶಿ ಪದವನ್ನು ತೆಗೆದುಹಾಕಿ ‘ಸಂಬಳ’ ಎನ್ನಿ. ‘ನಿವ್ವಳ’ ನಮ್ಮದೇ ಅಚ್ಚ ಪದ, ಅದು ಇರಲಿ.

ಬಳ್ಳಾರಿಯಿಂದ:

ಹದಿನೆಂಟು ವರ್ಷ ಪಗಾರದ ಲೆಕ್ಕ ಬರೆದವನಾಗಿ ಹೇಳುತ್ತೇನೆ, ಅಂಕಿಗಳು ಸರಿಯಾಗಿವೆ. ಶೇ 12ನ್ನು ಈ ಚೀಟಿಯಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆಯ ಮೇಲೆ ಮುರಿದಿದ್ದಾರೆ, ಮನೆಬಾಡಿಗೆಯ ಮೇಲಲ್ಲ. 14,000ಕ್ಕೆ 1,680 ಬರುತ್ತದೆ. ಇಎಸ್‌ಐ ಮಾತ್ರ ಮನೆಬಾಡಿಗೆಯನ್ನೂ ಸೇರಿಸಿಕೊಂಡು 20,000ಕ್ಕೆ ಶೇ 0.75ರಂತೆ 150.

‘ವರ್ಷಾರಂಭ’ ಎಂದರೆ ಓದುವವರು ಜನವರಿಯನ್ನೋ ಯುಗಾದಿಯನ್ನೋ ನೆನೆಯುತ್ತಾರೆ, ಚೀಟಿಯ ವರ್ಷವಾದರೋ ಏಪ್ರಿಲ್‌ನಿಂದ ಎಣಿಸುವಂಥದ್ದು. ಈ ಫಿಟರ್ ಅಕ್ಟೋಬರಿನಲ್ಲಿ ಬಂದದ್ದರಿಂದ 18,170ರ ನಾಲ್ಕು ಚೀಟಿಗಳು ಕೂಡಿ 72,680 ಆಗಿದೆ. ‘ಈವರೆಗೆ ಕೈಸೇರಿದ್ದು’ ಎಂದೂ ಬರೆಯಬೇಡಿ. ಜನವರಿಯ ಪಗಾರ ಫೆಬ್ರುವರಿಯ ಮೊದಲ ವಾರದಲ್ಲಿ ಬಟವಾಡೆಯಾಗುವುದರಿಂದ, ಚೀಟಿ ಕೈಗೆ ಬಂದ ದಿನ ಬ್ಯಾಂಕಿನ ಪಾಸ್‌ಬುಕ್ ಜೊತೆ ತಾಳೆ ನೋಡಿದವರಿಗೆ ಒಂದು ತಿಂಗಳಿನದು ಕಡಿಮೆ ಕಾಣುತ್ತದೆ, ಜಗಳ ಅಲ್ಲಿಂದಲೇ ಶುರುವಾಗುತ್ತದೆ. ‘ಏಪ್ರಿಲ್‌ನಿಂದ ಈ ತಿಂಗಳ ಚೀಟಿಯವರೆಗೆ ಕೂಡಿದ್ದು’ ಎಂಬುದು ಉದ್ದವಾದರೂ ಸುಳ್ಳು ಹೇಳುವುದಿಲ್ಲ.

ಅಂದಹಾಗೆ, ‘ಪಗಾರ’ ಪೋರ್ಚುಗೀಸರಿಂದ ಮರಾಠಿಯ ದಾರಿಯಲ್ಲಿ ಬಂದದ್ದು ನಿಜ. ಆದರೆ ‘ನಿವ್ವಳ’ವೂ ಮರಾಠಿಯದೇ, ‘ಸಂಬಳ’ವೋ ದಾರಿಬುತ್ತಿ ಎಂಬ ಅರ್ಥದ ಸಂಸ್ಕೃತದ ‘ಶಂಬಲ’. ಯಾವುದನ್ನು ಹೊರಗೆ ಹಾಕುತ್ತೀರಿ?

ರಾಯಚೂರಿನಿಂದ:

ಪದದ ಮಾತು ಆಮೇಲೆ ಆಗಲಿ. ನನ್ನ ಮಾರ್ಚ್ ಚೀಟಿಯಲ್ಲಿ ಪಿಎಫ್‌ನ ಎದುರು ಬಲಗಡೆ 20,160 ಇದ್ದದ್ದು ಏಪ್ರಿಲ್ ಚೀಟಿಯಲ್ಲಿ 1,680ಕ್ಕೆ ಇಳಿಯಿತು. ಉಳಿದ ಹಣವನ್ನು ಮಾಲೀಕರು ನುಂಗಿದರೆಂದು ನಾನು ಎರಡು ದಿನ ಕಚೇರಿಯ ಬಾಗಿಲಲ್ಲಿ ನಿಂತಿದ್ದೆ. ಇದಕ್ಕೆ ಯಾರು ಹೊಣೆ?

ಬಳ್ಳಾರಿಯಿಂದ:

ಯಾರೂ ನುಂಗಿಲ್ಲ, ಸ್ವಾಮಿ. ಹೊಸ ವರ್ಷಕ್ಕೆ ಆ ಕಾಲಂ ಮತ್ತೆ ಮೊದಲಿನಿಂದ ಎಣಿಸುತ್ತದೆ. ನಿಮ್ಮ ಖಾತೆಯಲ್ಲಿ ಎಷ್ಟಿದೆ ಎಂಬುದು ಪಿಎಫ್ ಪಾಸ್‌ಬುಕ್ಕಿನಲ್ಲಿರುತ್ತದೆಯೇ ಹೊರತು ಪಗಾರ ಚೀಟಿಯಲ್ಲಲ್ಲ. ಚೀಟಿಯಲ್ಲಿ ಮುರಿದ ಮೊತ್ತ ಆ ಪಾಸ್‌ಬುಕ್ಕಿನಲ್ಲಿ ಬಾರದಿದ್ದರೆ ಆಗ ಕೇಳಿ, ಅದು ನಿಜವಾದ ದೂರು. ಕೊಪ್ಪಳದ ಮೇಡಂ ಅವರು ‘ಸಂಚಿತ’, ‘ಶೇಖರ’ ಎಂದು ಬರೆಯಬಾರದೆಂದು ನಾನು ಹೇಳುವುದಕ್ಕೂ ಇದೇ ಕಾರಣ. ಕೂಡಿಟ್ಟ ಹಣವಿದೆ ಎಂಬ ಅರ್ಥ ಬಂದುಬಿಡುತ್ತದೆ.

ಗಂಗಾವತಿಯಿಂದ:

ಪಿಎಫ್ ವಿಷಯ ಒಪ್ಪಿದೆ. ಪಗಾರದ ವಿಷಯ ಒಪ್ಪುವುದಿಲ್ಲ. ಬಂದ ದಾರಿ ಯಾವುದಾದರೂ ‘ಸಂಬಳ’ ಹಳೆಯದು, ಹಳೆಯದಕ್ಕೆ ಮೊದಲ ಮಣೆ. ‘ಕಡಿತ’ವನ್ನೂ ಕೈಬಿಡಿ, ‘ಸಂಬಳ ಕಡಿತ’ ಎಂದರೆ ದಂಡ ಹಾಕಿದಂತೆ ಕೇಳಿಸುತ್ತದೆ. ‘ಮುರಿತ’ ಎನ್ನಿ.

ಕೊಪ್ಪಳದಿಂದ:

‘ಮುರಿದುಕೊಂಡರು’ ಎಂದು ಜನ ಆಡುವುದುಂಟು. ಆದರೆ ‘ಮುರಿತ’ ಎಂದರೆ ಈ ಊರಿನಲ್ಲಿ ಮೂಳೆಯ ನೆನಪಾಗುತ್ತದೆ, ಕ್ಷಮಿಸಿ. ಕರಡಿನಲ್ಲಿ ‘ಒಟ್ಟು’ ಎಂಬುದನ್ನು ಒಟ್ಟು ಕಡಿತಕ್ಕೆ ಮಾತ್ರ ಉಳಿಸಿ, 20,000ಕ್ಕೆ ‘ಕಡಿತಕ್ಕೆ ಮುಂಚಿನ ಪಗಾರ’ ಎಂದೂ 18,170ಕ್ಕೆ ‘ಕೈಗೆ ಬರುವ ಪಗಾರ’ ಎಂದೂ ಬರೆದಿದ್ದೇನೆ. ಕೂಡಿದ ಕಾಲಂಗೆ ಬಳ್ಳಾರಿಯವರ ಮಾತನ್ನೇ ಇಟ್ಟು, ಅದರ ಅಂಕಿಗಳನ್ನು ಸಣ್ಣ ಅಚ್ಚಿಗೆ ಇಳಿಸಿದೆ. ಅದೇ ಫಿಟರ್ ಇಂದು ಮತ್ತೆ ಓದಿ, 72,680ನ್ನು ದಾಟಿಕೊಂಡು 18,170ರ ಮೇಲೆ ಬೆರಳಿಟ್ಟರು. ‘ಪಗಾರ’ವೋ ‘ಸಂಬಳ’ವೋ ಎಂಬುದನ್ನು ಕಾರ್ಖಾನೆಯವರಿಗೆ ಬಿಟ್ಟಿದ್ದೇನೆ, ಅವರ ಹಳೆಯ ಫಲಕದಲ್ಲಿ ‘ವೇತನ’ ಎಂದಿದೆ.