ಆಪ್‌ನಲ್ಲಿ 18% ಕಾಣುತ್ತಿದೆ, ಕೈಗೆ ಎಷ್ಟು ಬರುತ್ತದೆ?

ವಿನಯ್: ಜನರೇ ಜನರಿಗೆ ಸಾಲ ಕೊಡುವ ಒಂದು ಪೀರ್ ಟು ಪೀರ್ ಆಪ್‌ನಲ್ಲಿ ಒಂದು ಲಕ್ಷ ಹಾಕಿದ್ದೇನೆ. ನೂರು ಜನರಿಗೆ ತಲಾ ಒಂದು ಸಾವಿರ. ಎಲ್ಲವೂ 12 ಕಂತಿನ ಸಾಲ, ಬಡ್ಡಿ 18%. ಶುರುವಿನ ಕಂತುಗಳು ಸರಿಯಾಗಿ ಬಂದಿವೆ, ಯಾರೂ ಕೈಕೊಟ್ಟಿಲ್ಲ. ಆಪ್ ಕೂಡ 18% ಲಾಭ ಅಂತಲೇ ತೋರಿಸುತ್ತಿದೆ. ಇನ್ನಷ್ಟು ಹಣ ಹಾಕಬಹುದಾ?

ನಾಗೇಶ್: ಧೈರ್ಯವಾಗಿ ಹಾಕಿ. ನೂರು ಜನರಿಗೆ ಹಂಚಿದ್ದೀರಲ್ಲ, ಅದೇ ಸರಿಯಾದ ದಾರಿ. ಐದು ಜನ ಸಾಲ ಮುಳುಗಿಸಿದರು ಅಂದುಕೊಳ್ಳಿ. 18ರಲ್ಲಿ 5 ಹೋದರೂ 13% ಉಳಿಯುತ್ತದೆ. ಇನ್ನೆಲ್ಲಿ ಸಿಗುತ್ತದೆ ಅಷ್ಟು?

ಶಾರದಾ: ನಾಗೇಶ್ ಅವರೇ, ಹಂಚಿ ಹಾಕಬೇಕು ಅನ್ನುವುದು ಸರಿ. ಆದರೆ 18ರಿಂದ 5 ಕಳೆಯುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಾನು ಸಾಲ ಕೊಡುವ ಕಂಪನಿಗಳಲ್ಲಿ ವಸೂಲಿ ವಿಭಾಗದಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದವಳು. ಬಿಡಿಸಿ ಹೇಳುತ್ತೇನೆ.

ಸಾವಿರಕ್ಕೆ 18% ಅಂದರೆ ವರ್ಷಕ್ಕೆ 180 ಬರುತ್ತದೆ ಅನಿಸುತ್ತದೆ, ಅಲ್ವಾ? ಬರುವುದಿಲ್ಲ. ಪ್ರತಿ ಕಂತಿನಲ್ಲೂ ಅಸಲು ಸ್ವಲ್ಪ ಸ್ವಲ್ಪ ವಾಪಸ್ ಬರುತ್ತಿರುತ್ತದೆ, ಉಳಿದ ಅಸಲಿಗೆ ಮಾತ್ರ ಬಡ್ಡಿ. ಕಂತು ತಿಂಗಳಿಗೆ ಸುಮಾರು 91.68. ಹನ್ನೆರಡು ಕಂತು ಸೇರಿದರೆ 1,100. ಅಂದರೆ ಒಬ್ಬರಿಂದ ಸಿಗುವ ಬಡ್ಡಿ ನೂರು ಮಾತ್ರ. ನೂರು ಜನರೂ ಪೂರ್ತಿ ಕಟ್ಟಿದರೆ ವಿನಯ್‌ಗೆ ಸಿಗುವುದು ಹತ್ತು ಸಾವಿರ.

ಈಗ ಐದು ಜನ ಮೂರು ಕಂತು ಕಟ್ಟಿ ನಿಲ್ಲಿಸಿದರು ಅನ್ನಿ. ಒಬ್ಬೊಬ್ಬರಿಂದ ಒಂಬತ್ತು ಕಂತು, ಸುಮಾರು 825 ಬಾಕಿ. ಐವರದೂ ಸೇರಿ 4,125. ಆಪ್ ನಿಮ್ಮಿಂದ ಒಂದು ಪರ್ಸೆಂಟ್ ಶುಲ್ಕ ಹಿಡಿದರೆ ಇನ್ನೂ ಒಂದು ಸಾವಿರ ಹೋಯಿತು. ಉಳಿಯುವುದು 4,900ರ ಹತ್ತಿರ. ಅಸಲು ತಿಂಗಳು ತಿಂಗಳು ವಾಪಸ್ ಬರುವುದರಿಂದ ವರ್ಷದಲ್ಲಿ ಸರಾಸರಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹಣವಷ್ಟೇ ಸಾಲದಲ್ಲಿರುತ್ತದೆ, ಹಾಗಾಗಿ ವರ್ಷದ ದರದಲ್ಲಿ ಅದು ಹೆಚ್ಚುಕಡಿಮೆ 9%, 13 ಅಲ್ಲ. ಹತ್ತು ಜನ ನಿಲ್ಲಿಸಿದರೆ ಲಾಭ ಬರೀ 765. ಹನ್ನೊಂದು ಜನ ಆದರೆ ಅಸಲೇ ಕರಗಲು ಶುರು.

ನಾಗೇಶ್: ನಿಲ್ಲಿಸಿದವರಿಂದ ಒಂದು ಪೈಸೆಯೂ ಬರುವುದಿಲ್ಲ ಅಂತ ಲೆಕ್ಕ ಹಾಕಿದ್ದೀರಿ. ವಸೂಲಿ ಅಂತ ಒಂದು ಇದೆಯಲ್ಲ?

ಶಾರದಾ: ಇದೆ. ಆದರೆ ಇವು ಅಡಮಾನ ಇಲ್ಲದ ಸಣ್ಣ ಸಾಲಗಳು. ಬಾಕಿ 825 ಇರುವ ಒಬ್ಬರ ಮೇಲೆ ಕೇಸು ಹಾಕಿದರೆ ಖರ್ಚೇ ಅದನ್ನು ಮೀರುತ್ತದೆ. ಮೊದಲ ಕೆಲವು ವಾರಗಳಲ್ಲಿ ಫೋನ್ ಮಾಡಿ ಬಂದರೆ ಬಂತು. ಆಮೇಲೆ ಬರುವುದರಲ್ಲಿ ವಸೂಲಿ ಏಜೆನ್ಸಿಯ ಪಾಲೂ ಇರುತ್ತದೆ. ಸ್ವಲ್ಪ ಸೇರಿಸಿಕೊಳ್ಳಿ, ಅದನ್ನೇ ನಂಬಿ ಹಣ ಹಾಕಬೇಡಿ.

ರೇಖಾ: ವಿನಯ್, ದಯವಿಟ್ಟು ಈ ಆಪ್‌ಗಳಲ್ಲಿ ಸಾಲ ತಗೊಳ್ಳಬೇಡಿ. ನಾನು ಒಂದರಲ್ಲಿ 50,000 ತಗೊಂಡೆ, ಬಡ್ಡಿ 18% ಅಂದಿದ್ದರು. ಖಾತೆಗೆ ಬಂದದ್ದು 48,000. ಎರಡು ಸಾವಿರ ಪ್ರೊಸೆಸಿಂಗ್ ಶುಲ್ಕ ಅಂತ ಮೊದಲೇ ಹಿಡಿದರು. ಕಂತು ಮಾತ್ರ ಪೂರ್ತಿ 50,000ಕ್ಕೇ, ತಿಂಗಳಿಗೆ 4,584.

ವಿನಯ್: ನಾನು ಸಾಲ ಕೊಡುವ ಕಡೆ ಇರುವವನು, ರೇಖಾ ಅಕ್ಕ. ಆದರೂ ಇದು ಗೊತ್ತಿರಲಿಲ್ಲ.

ಶಾರದಾ: ರೇಖಾ ಹೇಳಿದ್ದು ನಿಮ್ಮ ಪ್ರಶ್ನೆಗೂ ಸೇರಿದ್ದೇ. ಕೈಗೆ ಬಂದ 48,000ಕ್ಕೆ ಆ ಹನ್ನೆರಡು ಕಂತು ಹೊಂದಿಸಿ ನೋಡಿದರೆ ಅವರು ನಿಜಕ್ಕೂ ಕಟ್ಟುತ್ತಿರುವುದು ವರ್ಷಕ್ಕೆ ಸುಮಾರು 26%. ಸಾಲ ಕೊಟ್ಟವರಿಗೆ ಮೇಲಿನ ಲೆಕ್ಕದಲ್ಲಿ 9% ಸಿಕ್ಕಿತು. ನಡುವೆ ಹೋದದ್ದು ಸಾಲ ಮುಳುಗಿಸಿದವರ ಪಾಲು ಮತ್ತು ಆಪ್‌ನ ಪಾಲು. ಆಪ್ ತನ್ನ ಶುಲ್ಕವನ್ನು ಸಾಲ ಕೊಡುವ ದಿನವೇ ತೆಗೆದುಕೊಂಡಿದೆ. ಆಮೇಲೆ ರೇಖಾ ಕಟ್ಟಿದರೂ ಕಟ್ಟದಿದ್ದರೂ ಆ ಎರಡು ಸಾವಿರ ವಾಪಸ್ ಹೋಗುವುದಿಲ್ಲ. ಹೀಗಿದ್ದಾಗ ಹೆಚ್ಚು ಸಾಲ ಹಂಚುವ ಆಸೆ ಜಾಸ್ತಿ, ಸೋಸಿ ನೋಡುವ ಆಸೆ ಕಡಿಮೆ. ನನಗೆ ಈ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಬೇಸರ ತರುವುದು ಇದೇ. ಸಾಲ ಬೇಕಾದವರು ಆಪ್ ಹೇಳುವ ಬಡ್ಡಿ ಬಿಟ್ಟು, ಕೈಗೆ ಬರುವ ಮೊತ್ತ ಮತ್ತು ಒಟ್ಟು ಕಟ್ಟುವ ಮೊತ್ತ ಎರಡನ್ನೂ ಕೇಳಬೇಕು.

ಇಮ್ರಾನ್: ನಾನು ಬಳಸುವ ಆಪ್ ರಕ್ಷಣಾ ನಿಧಿ ಇಟ್ಟಿದೆ. ಯಾರಾದರೂ ಕಟ್ಟದಿದ್ದರೆ ಅದರಿಂದ ತುಂಬಿಕೊಡುತ್ತಾರೆ. ಹಾಗಾದರೆ ನನಗೆ ಚಿಂತೆ ಇಲ್ಲ ತಾನೇ?

ಶಾರದಾ: ನಿಧಿಗೆ ಹಣ ಬರುವುದೂ ಸಾಮಾನ್ಯವಾಗಿ ಅದೇ ಸಾಲಗಾರರಿಂದ. ಹಾಗಾಗಿ ಒಬ್ಬಿಬ್ಬರು ತಪ್ಪಿದರೆ ತುಂಬುತ್ತದೆ, ಎಲ್ಲರೂ ಒಟ್ಟಿಗೆ ತಪ್ಪಿದರೆ ಕಷ್ಟ. ಬ್ರಿಟನ್ನಿನ ರೇಟ್‌ಸೆಟರ್ ಅನ್ನುವ ಇಂಥದೇ ಕಂಪನಿ ಈ ಬಗೆಯ ನಿಧಿಗೇ ಹೆಸರಾಗಿತ್ತು. 2020ರಲ್ಲಿ ಕೊರೊನಾ ಬಂದಾಗ ಸಾಲ ಕೊಟ್ಟವರ ಬಡ್ಡಿಯನ್ನು ಅರ್ಧಕ್ಕೆ ಇಳಿಸಿ, ಉಳಿದದ್ದನ್ನು ನಿಧಿಗೆ ಸೇರಿಸಬೇಕಾಯಿತು. ಹಂಚಿ ಹಾಕುವುದಕ್ಕೂ ಇದೇ ಮಿತಿ, ನಾಗೇಶ್ ಅವರೇ. ಒಬ್ಬರ ಕೆಲಸ ಹೋದರೆ ಅದು ಕಾಪಾಡುತ್ತದೆ, ಎಲ್ಲರ ಕೆಲಸಕ್ಕೂ ಒಮ್ಮೆಗೇ ಕುತ್ತು ಬಂದರೆ ಇಲ್ಲ.

ನಾಗೇಶ್: ಕೆಟ್ಟದ್ದನ್ನೇ ಹೇಳುತ್ತಿದ್ದೀರಿ. ಬ್ರಿಟನ್ನಿನಲ್ಲೇ 2005ರಲ್ಲಿ ಶುರುವಾದ ಜೋಪಾ 2021ರಲ್ಲಿ ಈ ವ್ಯವಹಾರ ಮುಚ್ಚಿತು. ಆಗ ಜೋಪಾ ಬ್ಯಾಂಕೇ ಉಳಿದ ಸಾಲಗಳನ್ನು ಕೊಂಡು ಜನರ ಹಣ ತೀರಿಸಿತು. ಸರಿಯಾಗಿ ನಡೆಸುವವರೂ ಇದ್ದಾರೆ.

ಶಾರದಾ: ಇದ್ದಾರೆ, ಒಪ್ಪುತ್ತೇನೆ. ಚೀನಾದ ಇಝುಬಾವ್ ಕೂಡ ಇತ್ತು. ಅದರಲ್ಲಿ ಸುಮಾರು ಒಂಬತ್ತು ಲಕ್ಷ ಜನ ಹಣ ಹಾಕಿದ್ದರು, ಸಾಲ ಕೇಳುತ್ತಿದ್ದ ಯೋಜನೆಗಳಲ್ಲಿ ಬಹುಪಾಲು ನಕಲಿ. ಹೊರಗಿನಿಂದ ನೋಡಿದರೆ ಎರಡೂ ಚೆಂದದ ಆಪ್‌ಗಳೇ. ಅದಕ್ಕೇ ಹಣ ಆಪ್ ಕಂಪನಿಯ ಸ್ವಂತ ಖಾತೆಗೆ ಹೋಗುತ್ತದಾ, ಇಲ್ಲ ಬೇರೆಯವರು ನೋಡಿಕೊಳ್ಳುವ ಪ್ರತ್ಯೇಕ ಖಾತೆಗಾ ಅಂತ ಮೊದಲು ನೋಡುವುದು.

ವಿನಯ್: ಪ್ರತ್ಯೇಕ ಖಾತೆಯೇ, ನೋಡಿದ್ದೇನೆ. ಕಟ್ಟದವರು 2% ಮಾತ್ರ ಅಂತಲೂ ಆಪ್ ಹಾಕಿದೆ. ಅಂದರೆ ನೂರಕ್ಕೆ ಇಬ್ಬರು. ನಿಮ್ಮ ಲೆಕ್ಕದಲ್ಲೂ ಇದು ಒಳ್ಳೆಯದೇ ಅಲ್ವಾ?

ಶಾರದಾ: ಆ 2% ಹೇಗೆ ಬಂತು ಅಂತ ಕೇಳಿ. ಹಳೆಯ ಸಾವಿರ ಸಾಲಗಳಲ್ಲಿ 80 ಕೆಟ್ಟಿವೆ ಅಂದುಕೊಳ್ಳಿ, ಅದು 8%. ಈಗ ಹೊಸದಾಗಿ ಮೂರು ಸಾವಿರ ಸಾಲ ಕೊಟ್ಟರು. ಅವು ಕೆಡುವುದಕ್ಕೆ ಇನ್ನೂ ಸಮಯವೇ ಆಗಿಲ್ಲ. ಒಟ್ಟು ನಾಲ್ಕು ಸಾವಿರದಲ್ಲಿ 80, ಅಂದರೆ 2%. ಯಾರೂ ಸುಳ್ಳು ಹೇಳಿಲ್ಲ, ಆದರೂ ನಿಮಗೆ ಸಿಕ್ಕಿದ ಚಿತ್ರ ತಪ್ಪು. ಮೇಲಾಗಿ ಕಂತು ತಪ್ಪಿ 90 ದಿನ ಆಗುವವರೆಗೆ ಎಷ್ಟೋ ಕಡೆ ಅದನ್ನು ಕೆಟ್ಟ ಸಾಲ ಅಂತ ಎಣಿಸುವುದೇ ಇಲ್ಲ. ನಿಮ್ಮ 18% ಕೂಡ ಇದೇ ಕಾರಣಕ್ಕೆ ಇನ್ನೂ ಹಾಗೇ ನಿಂತಿದೆ. ವಸೂಲಾದ ಕಂತನ್ನು ಆಪ್ ತಾನಾಗಿಯೇ ಹೊಸ ಸಾಲಕ್ಕೆ ಹಾಕುತ್ತಿದ್ದರೆ ಯಾವತ್ತೂ ಹೊಸ ಸಾಲಗಳೇ ಜಾಸ್ತಿ ಇರುತ್ತವೆ, ನಷ್ಟ ಕಣ್ಣಿಗೆ ಬೀಳುವುದು ತಡವಾಗಿ.

ಕೇಳಬೇಕಾದ್ದು ಒಂದೇ: ಅವಧಿ ಪೂರ್ತಿ ಮುಗಿದ ಸಾಲಗಳನ್ನು ಮಾತ್ರ, ಕೊಟ್ಟ ತಿಂಗಳ ಪ್ರಕಾರ ವಿಂಗಡಿಸಿ ತೋರಿಸಿ.

ಇಮ್ರಾನ್: ಬಡ್ಡಿ ಕಡಿಮೆ ಇರುವ, ಒಳ್ಳೆಯ ಸ್ಕೋರಿನವರಿಗೇ ಕೊಟ್ಟರೆ ಇಷ್ಟೆಲ್ಲ ತಲೆನೋವು ಇಲ್ಲವಲ್ಲ?

ನಾಗೇಶ್: ಅವರಿಗೆ 11% ಬಡ್ಡಿಗೆ ಕೊಟ್ಟು, ಶುಲ್ಕ ಹೋಗಿ, ಇಬ್ಬರು ತಪ್ಪಿದರೂ ಹೆಚ್ಚೇನೂ ಉಳಿಯುವುದಿಲ್ಲ. ನಾನು ಮಧ್ಯದ ದರ್ಜೆಯವರಿಗೇ ಕೊಡುವುದು.

ಶಾರದಾ: ಒಳ್ಳೆಯ ಸ್ಕೋರಿನವರಿಗೆ ಬ್ಯಾಂಕೇ ಕಡಿಮೆ ಬಡ್ಡಿಗೆ ಕೊಡುವಾಗ ಇಲ್ಲಿಗೆ ಯಾಕೆ ಬರುತ್ತಾರೆ ಅನ್ನುವುದನ್ನೂ ಯೋಚಿಸಬೇಕು. ಮಧ್ಯದ ದರ್ಜೆಯೇ ಲಾಭ ಅಂತ ನಾನು ಹೇಳಲಾರೆ. ಅದು ಆ ಆಪ್ ಎಷ್ಟು ಸೋಸಿ ಕೊಡುತ್ತದೆ ಅನ್ನುವುದರ ಮೇಲಿದೆ.

ವಿನಯ್: ಗ್ರಾಹಕ ಸೇವೆಗೆ ಬರೆದಿದ್ದೆ. ತಿಂಗಳವಾರು ಲೆಕ್ಕ ಕೊಡುವುದಿಲ್ಲವಂತೆ, ಮತ್ತೆ ಅದೇ 2% ಕಳಿಸಿದ್ದಾರೆ. ತಾನಾಗಿ ಮರುಹೂಡಿಕೆ ಆಗುವುದನ್ನು ಈಗ ನಿಲ್ಲಿಸಿದ್ದೇನೆ. ಬರುವ ಕಂತುಗಳನ್ನು ಹೊರಗೆ ತೆಗೆಯುತ್ತಾ ಹೋಗುತ್ತೇನೆ. ನೂರರಲ್ಲಿ ಎಷ್ಟು ಜನ ಕೊನೆಯ ಕಂತಿನವರೆಗೆ ಬರುತ್ತಾರೆ ಅಂತ ನೋಡಿ ಇಲ್ಲೇ ಹಾಕುತ್ತೇನೆ.

ನಾಗೇಶ್: ಹಾಕಿ. ಐದಕ್ಕಿಂತ ಕಡಿಮೆ ಜನ ತಪ್ಪುತ್ತಾರೆ ಅಂತ ನನಗೆ ಈಗಲೂ ಅನಿಸುತ್ತದೆ.